ಅಂಚು ತಿಂದ ಎಡಗೈ

ಎಲಾಸ್ಟಿಕ್ ಪಟ್ಟಿಯ ಒಂದು ತುದಿಯನ್ನು ಹಲ್ಲಲ್ಲಿ ಕಚ್ಚಿ, ಇನ್ನೊಂದನ್ನು ಬೆನ್ನ ಹಿಂದಿನಿಂದ ಎಳೆದು ತಂದು, ಎಡಚಿ ತನ್ನ ಎರಡೂ ಮೊಣಕೈಗಳನ್ನು ಪಕ್ಕೆಗೆ ಸೇರಿಸಿ ಬಿಗಿದು ಗಂಟು ಹಾಕಿಕೊಂಡಳು. ಕಪ್ಪು ಅಂಗಿಯ ಮೇಲೆ ಕಪ್ಪು ಪಟ್ಟಿ, ಕ್ಯಾಮೆರಾಕ್ಕೆ ಕಾಣುವುದಿಲ್ಲ. ಕೈ ಅಲ್ಲಾಡಿಸಿ ನೋಡಿದಳು. ಮೊಣಕೈಯಿಂದ ಕೆಳಗಷ್ಟೇ ಅಲ್ಲಾಡಿತು.

"ಏನಮ್ಮಾ ಇದು, ಸಂತೆಗೆ ಹೊರಟ ಕೋಳಿ ಹಾಗೆ ಕಟ್ಕೊಂಡಿದ್ದೀಯ?" ಎಂದಿತು ಅವಳ ಕಿವಿಯೊಳಗಿನ ಇಯರ್‌ಫೋನ್. ಗಾಜಿನಾಚೆಯ ಕಂಟ್ರೋಲ್ ರೂಮಿನಲ್ಲಿ ಕೂತ ಪಟ್ಟಿಯ ದನಿ ಅದು. ಪರದೆಯ ಕೆಳಗೆ ಸುದ್ದಿಯ ಪಟ್ಟಿ ಓಡಿಸುವುದು, ಮೂಲೆಗೆ ಗಡಿಯಾರ ಕೂರಿಸುವುದು, ಜಾಹೀರಾತು ಹೊಂದಿಸುವುದು ಎಲ್ಲ ಅವನ ಕೆಲಸ. ಹಾಗಾಗಿ ಚಾನೆಲ್ಲಿನಲ್ಲಿ ಅವನು ಪಟ್ಟಿ.

"ಸಾಹೇಬ್ರು ಹೇಳಿದ್ರಲ್ಲ, ಕೈ ಬೀಸಬೇಡ ಅಂತ."

"ಕೈ ಕಟ್ಕೊಂಡು ಮಾತಾಡು ಅಂದ್ರೆ ನಿಂಗೆ, ನಾಲಿಗೆ ಕಚ್ಕೊಂಡು ಮಾತಾಡು ಅಂದ ಹಾಗೇ ತಾನೇ?"

ಕೆಂಪು ದೀಪ ಹತ್ತಿತು. ಪಕ್ಕದ ಮೇಜಿನಲ್ಲಿ ಸುದ್ದಿ ಓದುವಾಕೆ ನಗುತ್ತ ನಮಸ್ಕಾರ ಹೇಳಿದಳು. ಹಸಿರು ಬಟ್ಟೆಯ ಮುಂದೆ ನಿಂತ ಎಡಚಿ ಆ ನಮಸ್ಕಾರವನ್ನು ಎದೆಯ ಹತ್ತಿರವೇ, ಯಾರೋ ಕದ್ದು ಕೇಳಿಸಿಕೊಳ್ಳುತ್ತಾರೋ ಎಂಬಂತೆ, ಚಿಕ್ಕದಾಗಿ ಮಾಡಿದಳು.

ಸಂಜೆಯ ಸುದ್ದಿಯನ್ನು ಕಿವಿ ಕೇಳದವರಿಗೆ ಸನ್ನೆ ಭಾಷೆಯಲ್ಲಿ ಹೇಳುವುದು ಅವಳ ಉದ್ಯೋಗ. ಪರದೆಯ ಬಲಮೂಲೆಯ ಕೆಳಗೆ, ಚೀಟಿಯಷ್ಟು ಚೌಕದಲ್ಲಿ, ಅವಳು ದಿನವೂ ನಿಲ್ಲುತ್ತಾಳೆ. ಅವಳ ಭಾಷೆಗೆ ಎಡಗೈಯೇ ಯಜಮಾನ, ಬಲಗೈ ಸಹಾಯಕ. ಕಿವುಡರ ನಡುವೆ ಹೆಸರನ್ನು ಅಕ್ಷರ ಅಕ್ಷರವಾಗಿ ಬಿಡಿಸಿ ಹೇಳುವುದಿಲ್ಲ, ಒಬ್ಬೊಬ್ಬರಿಗೆ ಒಂದೊಂದು ಸನ್ನೆ. ಅವಳದ್ದು ಎಡ ಮುಷ್ಟಿಯನ್ನು ಎರಡು ಸಲ ಕುಲುಕುವುದು. ಕೊಟ್ಟವನು ಅವಳ ಅಣ್ಣ, ಹುಟ್ಟು ಕಿವುಡ. ಅವಳಿಗೆ ಮಾತು ಬರುವ ಮೊದಲೇ ಅವನ ಕೈ ನೋಡಿ ಕೈ ಬಂದಿತ್ತು.

ಈಗ ಎರಡು ತಿಂಗಳಿಂದ ದೂರುಗಳು ಬರುತ್ತಿದ್ದವು. ಕೈ ಅರ್ಧಕ್ಕೆ ಕತ್ತರಿಸಿಹೋಗುತ್ತದೆ, ಬೆರಳು ಕಾಣುವುದಿಲ್ಲ, ಊರಿನ ಯಾವ ಭಾಗದಲ್ಲಿ ನಾಳೆ ನೀರಿಲ್ಲ ಎಂಬುದು ತಿಳಿಯಲಿಲ್ಲ. ನಿರ್ಮಾಪಕ ದೂರುಗಳನ್ನು ಓದಿ, ಕಂಟ್ರೋಲ್ ರೂಮಿನ ದೊಡ್ಡ ಮಾನಿಟರ್‌ ಮುಂದೆ ನಿಂತು, ಅವಳ ಚೌಕವನ್ನು ಬೆರಳಲ್ಲಿ ಕುಟ್ಟಿದ್ದ. "ಎಲ್ಲಿ ಕಟ್ ಆಗಿದೆ? ಕೈ ಪೂರ್ತಿ ಇದೆಯಲ್ಲ! ನೀನು ಎಡಗೈ ಬೀಸೋದು ಜಾಸ್ತಿ. ಅವರಿಗೆ ತಲೆ ಸುತ್ತುತ್ತೆ." ಅವಳೂ ಮೊಬೈಲಿನಲ್ಲಿ ಚಾನೆಲ್ಲಿನ ವಿಡಿಯೊ ತೆಗೆದು ನೋಡಿದ್ದಳು. ಕೈ ಪೂರ್ತಿ ಇತ್ತು. ಹಾಗಾದರೆ ತಪ್ಪು ತನ್ನದೇ. ಕೈ ಚಿಕ್ಕದು ಮಾಡಿದಳು. ಇನ್ನೂ ಚಿಕ್ಕದು ಮಾಡಿದಳು. ಕಳೆದ ವಾರ ಅವಳ ರಜೆಯಲ್ಲಿ ಹೊಸ ಹುಡುಗಿಯೊಬ್ಬಳನ್ನು ನಿಲ್ಲಿಸಿ ಪರೀಕ್ಷೆ ಮಾಡಿದ್ದರು. ಬಲಗೈಯವಳು. ಅವಳ ಮೇಲೆ ದೂರು ಬರಲಿಲ್ಲ.

ಅದಾದ ಮೇಲೇ ಎಡಚಿ ಎಲಾಸ್ಟಿಕ್ ಪಟ್ಟಿ ಕೊಂಡು ತಂದಿದ್ದಳು.

ಸುದ್ದಿ ಮುಗಿದು ಕೆಂಪು ದೀಪ ಆರಿದಾಗ ಪಕ್ಕೆಯ ಮೇಲೆ ಎಲಾಸ್ಟಿಕ್‌ನ ಬರೆ ಎದ್ದಿತ್ತು. ಬಾಗಿಲಲ್ಲಿ ನಿರ್ಮಾಪಕ ನಿಂತಿದ್ದ, ಕೈಯಲ್ಲಿ ಚಹಾದ ಲೋಟ.

"ಇವತ್ತು ಚೆನ್ನಾಗಿತ್ತು. ನೀಟು. ನೋಡೋಣ, ನಾಳೆ ಸಂಜೆ ಒಳಗೆ ತೀರ್ಮಾನ ಮಾಡ್ತೀನಿ. ನಿಂದು ಒಪ್ಪಂದ ಮುಗೀತಾ ಬಂತಲ್ಲ. ನೀನೋ, ಆ ಹುಡುಗಿಯೋ."

ಅಷ್ಟರಲ್ಲಿ ಅವಳ ಮೊಬೈಲು ನಡುಗಿತು. ಅಣ್ಣನ ವಿಡಿಯೊ. ಅವನು ತುಟಿ ಬಿಗಿದು, ಬೆರಳುಗಳನ್ನು ಎದೆಗೆ ಅಂಟಿಸಿ ಇಲಿಯ ಹಾಗೆ ಕೆರೆದು ತೋರಿಸಿ, ಆಮೇಲೆ ಅಂಗೈ ಬಿಚ್ಚಿ ಕೇಳಿದ್ದ: "ಯಾಕೆ ಗೊಣಗ್ತೀಯ? ಮೊದಲು ಅರ್ಧ ನುಂಗ್ತಿದ್ದೆ, ಈಗ ಪೂರ್ತಿ ನುಂಗ್ತೀಯ."

ಆ ರಾತ್ರಿ ಅವಳಿಗೆ ಸರಿಯಾಗಿ ನಿದ್ದೆ ಹತ್ತಲಿಲ್ಲ. ಒಂದು ಕಡೆ ಬೀಸಬೇಡ, ಇನ್ನೊಂದು ಕಡೆ ಗೊಣಗಬೇಡ.

ಮರುದಿನ ಮಧ್ಯಾಹ್ನ ಅವಳು ನೇರ ಅಣ್ಣನ ಅಂಗಡಿಗೆ ಹೋದಳು. ಜಗಳಕ್ಕೇ ಹೋದಳು. ಫೋಟೊಗಳಿಗೆ ಕಟ್ಟು ಹಾಕುವ ಅಂಗಡಿ. ಒಂದು ಗೋಡೆಗೆ ಗಾಜಿನ ಹಾಳೆಗಳು, ಇನ್ನೊಂದಕ್ಕೆ ಮರದ ಪಟ್ಟಿಗಳು, ನಡುವೆ ಎತ್ತರದ ಮೇಜು. ಅತ್ತಿಗೆ ರಟ್ಟು ಕೊಯ್ಯುತ್ತಿದ್ದಳು. ಅವಳಿಗೂ ಕಿವಿ ಕೇಳಿಸುವುದಿಲ್ಲ. ಅಣ್ಣ ಬೆನ್ನು ತಿರುಗಿಸಿ ಮೊಳೆ ಹೊಡೆಯುತ್ತಿದ್ದ. ಎಡಚಿ ಹಲಗೆಯ ನೆಲಕ್ಕೆ ಕಾಲು ಅಪ್ಪಳಿಸಿದಳು. ನಡುಕ ಹೋಗಿ ತಾಗಿತು, ಅವನು ತಿರುಗಿದ.

"ಬಂದ್ಲು ನೋಡು ಇಲಿ" ಎಂದಿತು ಅವನ ಕೈ.

"ಇಲಿ ಅಂತೆ! ನಿನ್ನ ಮಾತು ಕೇಳಿ ನನ್ನ ಕೆಲಸ ಹೋಗೋ ಹಾಗಿದೆ. ಕೈ ಪೂರ್ತಿ ಕಾಣ್ತಿದ್ರೂ ಕಟ್ ಆಗುತ್ತೆ ಅಂತ ದೂರು ಬರೆಸ್ತೀಯ."

"ನಾನು ಬರೆಸಿದ್ದಾ? ತಲೆಗೆ ಸೋಪು ಹಚ್ಕೊಂಡು ನಲ್ಲಿ ತಿರುಗಿಸಿ ನಿಂತವನು ನಾನು. ನೀರಿಲ್ಲ. ಆ ದಿನ ನಮ್ಮ ಬಡಾವಣೆ ಹೇಳಿದ್ಯಂತೆ. ಎಲ್ಲಿ ಹೇಳಿದೆ? ಗಾಳಿಯಲ್ಲಾ?"

ಅತ್ತಿಗೆ ಚಾಕು ಕೆಳಗಿಟ್ಟು ಇಬ್ಬರ ನಡುವೆ ಕೈ ಹಾಕಿದಳು. "ಮುಖ ಪರಚಿಕೊಳ್ಳೋದು ಆಮೇಲೆ. ಈಗ ನಿನ್ನೆ ಸುದ್ದಿಯ ಮರುಪ್ರಸಾರ ಬರೋ ಹೊತ್ತು. ಅವಳೇ ನೋಡ್ಲಿ."

ಇದು ಎಡಚಿಗೆ ಹೊಳೆದೇ ಇರಲಿಲ್ಲ. ಸುದ್ದಿ ಬರುವಾಗ ಅವಳು ಯಾವಾಗಲೂ ಸುದ್ದಿಯೊಳಗೇ ಇರುತ್ತಿದ್ದಳು. ಮೊಬೈಲಿನಲ್ಲಿ ನೋಡಿದ್ದಳು, ಮಾನಿಟರಿನಲ್ಲಿ ನೋಡಿದ್ದಳು. ಟಿವಿಯಲ್ಲಿ, ಒಂದು ಮನೆಯ ಗೋಡೆಯ ಟಿವಿಯಲ್ಲಿ, ತನ್ನನ್ನು ನೋಡಿದ್ದು ನೆನಪಿಲ್ಲ.

ಅಣ್ಣ ರಿಮೋಟ್ ಒತ್ತಿದ. ಬಂದಳು, ಮೂಲೆಯಲ್ಲಿ, ಕೋಳಿಯಂತೆ ಕಟ್ಟಿಕೊಂಡವಳು. ಎಡಚಿಗೆ ನಾಚಿಕೆಯಾಯಿತು. ಅಣ್ಣನ ಮಾತು ನಿಜ, ಗೊಣಗುತ್ತಿದ್ದಾಳೆ. ಅಷ್ಟು ಬಿಗಿದುಕೊಂಡಿದ್ದರೂ, "ಪೂರ್ವ ಭಾಗ" ಎಂದು ಎಡಗೈ ಬದಿಗೆ ಸರಿದ ಕ್ಷಣ, ಬೆರಳುಗಳು ಇರಲಿಲ್ಲ. ಅಂಗೈ ಇತ್ತು. ಅಂಗೈಯಾಚೆ ಟಿವಿಯ ಕಪ್ಪು ಚೌಕಟ್ಟು.

ಅವಳು ಸ್ಟೂಲು ಎಳೆದುಕೊಂಡು ಟಿವಿಗೆ ಮೂಗು ತಾಗುವಷ್ಟು ಹತ್ತಿರ ಕೂತಳು. ಕೈ ಬಿಟ್ಟು ಬೇರೆಲ್ಲ ನೋಡತೊಡಗಿದಳು. ಮೇಲಿನ ಬಲಮೂಲೆಯಲ್ಲಿ ಚಾನೆಲ್ಲಿನ ದುಂಡು ಗುರುತು. ಸ್ಟುಡಿಯೊದಲ್ಲಿ ಆ ದುಂಡಿಗೂ ಪರದೆಯ ಅಂಚಿಗೂ ನಡುವೆ ಚೆನ್ನಾಗಿ ಜಾಗ ಇತ್ತು; ದಿನವೂ ನೋಡುವ ಗುರುತು, ಕಣ್ಣು ಮುಚ್ಚಿದರೂ ಕಾಣುತ್ತದೆ. ಇಲ್ಲಿ ದುಂಡು ಅಂಚಿಗೆ ಒರಗಿಕೊಂಡಿತ್ತು. ಕೆಳಗೆ ಓಡುವ ಸುದ್ದಿಯ ಅಕ್ಷರಗಳಿಗೆ ಒತ್ತಕ್ಷರಗಳೇ ಇರಲಿಲ್ಲ, ಯಾರೋ ಕಾಲು ಕತ್ತರಿಸಿದ ಹಾಗೆ.

ಅವಳು ಮೊಬೈಲು ತೆಗೆದು ಅದೇ ಸುದ್ದಿಯ ವಿಡಿಯೊ ಹುಡುಕಿ, ಅದೇ "ಪೂರ್ವ ಭಾಗ"ದಲ್ಲಿ ನಿಲ್ಲಿಸಿ ಟಿವಿಯ ಪಕ್ಕ ಹಿಡಿದಳು. ಮೊಬೈಲಿನಲ್ಲಿ ಬೆರಳುಗಳಿದ್ದವು, ಐದೂ.

"ನೋಡು! ನಾನು ಹೇಳಿದ್ದೀನಿ. ನಿನ್ನ ಟಿವಿ ತಿಂದಿದೆ."

ಅಣ್ಣ ಮೊಬೈಲು ನೋಡಿದ, ಟಿವಿ ನೋಡಿದ, ಮತ್ತೆ ಮೊಬೈಲು ನೋಡಿದ. ಮೇಜಿನ ಮೇಲಿದ್ದ ಅರ್ಧ ಕಟ್ಟಿದ ಫೋಟೊ ಎತ್ತಿ ಚೌಕಟ್ಟಿನ ಒಳತುಟಿಯನ್ನು ಉಗುರಿನಿಂದ ಕೆರೆದ. ಆ ತುಟಿ ಫೋಟೊದ ಅಂಚನ್ನು ಸುತ್ತಲೂ ಒಂದಿಷ್ಟು ಮುಚ್ಚಿಕೊಂಡಿರುತ್ತದೆ. ಇಲ್ಲದಿದ್ದರೆ ಫೋಟೊ ಹಿಂದಕ್ಕೆ ಜಾರಿ ಬೀಳುತ್ತದೆ. "ಹೀಗಾ?" ಎಂದು ಹುಬ್ಬು ಹಾರಿಸಿದ.

"ಹೀಗೇ ಇರಬೇಕು."

ಅವಳು ಪಟ್ಟಿಗೆ ಫೋನು ಮಾಡಿದಳು. ಇನ್ನೂ ಪೂರ್ತಿ ಹೇಳಿಯೇ ಇರಲಿಲ್ಲ, ಅವನು ಆಚೆಯಿಂದ ಹಣೆ ಚಚ್ಚಿಕೊಂಡ ಸದ್ದು ಕೇಳಿಸಿತು.

"ಅಯ್ಯೋ, ಓವರ್‌ಸ್ಕ್ಯಾನು! ಹಳೇ ಡಬ್ಬಾ ಟಿವಿ ಕಾಲದ ಚಾಳಿ ಅದು. ಆ ಟಿವಿಗಳಲ್ಲಿ ಕರೆಂಟು ಹೆಚ್ಚುಕಮ್ಮಿ ಆದ್ರೆ ಚಿತ್ರ ಊದಿಕೊಳ್ಳೋದು, ಕುಗ್ಗೋದು. ಸುತ್ತ ಕಪ್ಪು ಕಾಣಬಾರದು ಅಂತ ಚಿತ್ರಾನ ಗಾಜಿಗಿಂತ ಒಂಚೂರು ದೊಡ್ಡದಾಗೇ ಬರೆಸ್ತಿದ್ರು. ಅಂಚು ಆಚೆ ಹೋಗ್ತಿತ್ತು. ಈಗಿನ ಚಪ್ಪಟೆ ಟಿವಿಗೆ ಅದು ಬೇಕಾಗಿಲ್ಲ. ಆದ್ರೂ ಎಷ್ಟೋ ಟಿವಿಗಳು ಬಂದಾಗಿಂದಲೇ ಚಿತ್ರಾನ ಹಿಗ್ಗಿಸಿ ಅಂಚು ಕತ್ತರಿಸ್ತಾವೆ."

"ಮತ್ತೆ ನಿನ್ನ ಮಾನಿಟರಲ್ಲಿ?"

"ಅದು ಕತ್ತರಿಸಲ್ಲ, ಪೂರ್ತಿ ತೋರಿಸುತ್ತೆ. ಮೊಬೈಲೂ ಅಷ್ಟೇ."

"ಆ ಹೊಸ ಹುಡುಗಿದು ಯಾಕೆ ಕಟ್ ಆಗಲಿಲ್ಲ?"

ಇಬ್ಬರಿಗೂ ಒಟ್ಟಿಗೇ ಹೊಳೆಯಿತು. ಕ್ಯಾಮೆರಾಕ್ಕೆ ಎದುರು ನಿಂತವರ ಬಲಗೈ ಪರದೆಯ ಎಡಕ್ಕೆ, ಅಂದರೆ ಒಳಕ್ಕೆ. ಎಡಗೈ ಬಲಕ್ಕೆ, ಅಂದರೆ ಅಂಚಿಗೆ. ಹೊಸ ಹುಡುಗಿಯ ಸಹಾಯಕ ಕೈಯನ್ನಷ್ಟೇ ಅಂಚು ತಿಂದಿತ್ತು. ಎಡಚಿಯ ಯಜಮಾನನನ್ನೇ ತಿಂದಿತ್ತು.

"ಟಿವಿ ರಿಮೋಟ್ ತಗೊ," ಎಂದ ಪಟ್ಟಿ. "ಸೆಟ್ಟಿಂಗ್ಸ್, ಪಿಕ್ಚರ್, ಆಸ್ಪೆಕ್ಟ್ ರೇಶಿಯೊ. ಅಲ್ಲಿ ಹದಿನಾರು ಒಂಬತ್ತು, ಜೂಮ್, ಇನ್ನೇನೋ ಇರುತ್ತೆ. ಕೊನೇಲಿ ಜಸ್ಟ್ ಸ್ಕ್ಯಾನ್ ಅಂತ ಇದ್ಯಾ? ಅದು ಅಂಚು ಕತ್ತರಿಸಲ್ಲ."

ಇತ್ತು. ಆದರೆ ಬೂದಿ ಬಣ್ಣದಲ್ಲಿ, ಸತ್ತಂತೆ. ಎಷ್ಟು ಒತ್ತಿದರೂ ಬಾಣ ಅದನ್ನು ಹಾರಿಸಿಕೊಂಡು ಮುಂದೆ ಹೋಗುತ್ತಿತ್ತು. ಅಣ್ಣ ರಿಮೋಟ್ ಕಸಿದುಕೊಂಡು ಒತ್ತಿದ, ಅತ್ತಿಗೆ ಅವನಿಂದ ಕಸಿದುಕೊಂಡಳು. ಹಿಂದಿನ ಬ್ಯಾಟರಿ ಬಿಚ್ಚಿ ಉಜ್ಜಿ ಹಾಕಿದಳು. ಏನೂ ಆಗಲಿಲ್ಲ.

"ಹಾಗಾದ್ರೆ ಸೆಟ್‌ಟಾಪ್ ಬಾಕ್ಸು ಕಮ್ಮಿ ರೆಸಲ್ಯೂಶನ್‌ನಲ್ಲಿ ಕಳಿಸ್ತಿದೆ," ಎಂದ ಪಟ್ಟಿ. "ಈ ಥರ ಟಿವಿಗಳಲ್ಲಿ ಎಚ್‌ಡಿ ಚಿತ್ರ ಬಂದ್ರೆ ಮಾತ್ರ ಆ ಸಾಲು ಜೀವ ತಗೊಳ್ಳೋದು. ಈಗ ಬಾಕ್ಸಿನ ರಿಮೋಟು. ಅದರ ಮೆನುವಲ್ಲಿ ವಿಡಿಯೊ ಔಟ್‌ಪುಟ್ಟು. ಐನೂರ ಎಪ್ಪತ್ತಾರು ಅಂತ ಇರಬೇಕು. ಸಾವಿರದ ಎಂಬತ್ತು ಐ ಮಾಡು, ಅದು ಎಚ್‌ಡಿ."

ಮಾಡಿದಳು. ಟಿವಿ ಕಪ್ಪಾಯಿತು. ಅತ್ತಿಗೆ ಬಾಯಿಗೆ ಕೈ ಇಟ್ಟುಕೊಂಡಳು, ಹಾಳು ಮಾಡಿಬಿಟ್ಟಳೇನೋ ಎಂದು. ಚಿತ್ರ ಮರಳಿ ಬಂತು. ಮತ್ತೆ ಟಿವಿ ರಿಮೋಟು, ಸೆಟ್ಟಿಂಗ್ಸ್, ಪಿಕ್ಚರ್. ಈಗ ಆ ಸಾಲು ಬೆಳ್ಳಗೆ ಹೊಳೆಯುತ್ತಿತ್ತು. ಒತ್ತಿದಳು.

ಇಡೀ ಚಿತ್ರ ಒಂದು ಹೆಜ್ಜೆ ಹಿಂದೆ ಸರಿದು ನಿಂತಂತಾಯಿತು. ಒಂದೊಂದು ಅಂಚಿನಲ್ಲೂ ಒಂದೊಂದು ಬೆರಳಗಲ ಒಳಗೆ ಬಂತು. ದುಂಡು ಗುರುತು ಅಂಚು ಬಿಟ್ಟು ನಿಂತಿತು, ಅಕ್ಷರಗಳಿಗೆ ಕಾಲು ಬಂತು. ಮೂಲೆಯಲ್ಲಿದ್ದವಳ ಎಡಗೈ ಬದಿಗೆ ಸರಿಯಿತು, ಬೆರಳುಗಳ ಸಮೇತ.

ಅಣ್ಣ ಎಡ ಮುಷ್ಟಿ ಎತ್ತಿ ಎರಡು ಸಲ ಕುಲುಕಿದ, ಅವಳ ಹೆಸರು. ಆಮೇಲೆ, ಅವಳು ಎಷ್ಟಾದರೂ ಅವನ ತಂಗಿ, ಸುಮ್ಮನಿರಲಾರದೆ ಸೇರಿಸಿದ: "ಆದ್ರೂ ಗೊಣಗ್ತೀಯ."

ಅವಳು ಅಂಗಿಯನ್ನು ಬಿಗಿಯಾಗಿ ಎಳೆದು ಪಕ್ಕೆಯ ಮೇಲೆ ಎಲಾಸ್ಟಿಕ್ ಒತ್ತಿದ ಜಾಗ ತೋರಿಸಿದಳು, ಬಿಗಿದುಕೊಂಡ ಬಗೆಯನ್ನು ಅಭಿನಯಿಸಿದಳು. ಅವನ ನಗು ಅಲ್ಲೇ ನಿಂತುಹೋಯಿತು. ಅತ್ತಿಗೆಯ ಕೈ ಮಾತ್ರ ಖಡಕ್ಕಾಗಿ ಎದ್ದಿತು: "ಯಾವ ಮನೆಹಾಳ ಕಟ್ಟಿದ್ದು?"

"ನಾನೇ."

ಅಣ್ಣ ಅತ್ತಿಗೆ ಇಬ್ಬರೂ ತಮ್ಮ ಕಿವುಡ ಗೆಳೆಯರಿಗೆ ವಿಡಿಯೊ ಕರೆ ಹಚ್ಚಿದರು. ಪ್ರತಿಯೊಬ್ಬರ ಟಿವಿಯೂ ಬೇರೆ ತರದ ಮೊಂಡು. ಬೇಕರಿಯವನ ಮನೆಯಲ್ಲಿ ಅದೇ ಸಾಲಿಗೆ ಸ್ಕ್ರೀನ್ ಫಿಟ್ ಎಂದು ಹೆಸರು, ಸಿಕ್ಕಿತು, ಸರಿಹೋಯಿತು. ಟೈಪಿಂಗ್ ಕಲಿಸುವಾಕೆಯ ಟಿವಿಯಲ್ಲಿ ಓವರ್‌ಸ್ಕ್ಯಾನ್ ಎಂದೇ ಬರೆದಿತ್ತು, ಆಫ್ ಮಾಡಿದಳು. ಮಾಡಿದ ಮೇಲೂ ಸರಿಹೋಗದೆ ಅಳುಮುಖ ಮಾಡಿದಳು, ಕೊನೆಗೆ ನೋಡಿದರೆ ಬಾಕ್ಸಿನ ವೈರು ಟಿವಿಯ ಎರಡನೇ ಕಿಂಡಿಗೆ ಚುಚ್ಚಿತ್ತು, ಅವಳು ಬದಲಿಸಿದ್ದು ಮೊದಲನೇ ಕಿಂಡಿಯ ಸೆಟ್ಟಿಂಗು; ಅದರಲ್ಲಿ ಒಂದೊಂದು ಕಿಂಡಿಗೂ ಬೇರೆಬೇರೆ. ಹೊಲಿಗೆಯ ಅಜ್ಜಿಯ ಮನೆಯಲ್ಲಿ ಬೆನ್ನು ಉಬ್ಬಿದ ಡಬ್ಬಾ ಟಿವಿ. ಅಜ್ಜಿ ರಿಮೋಟಿನ ಎಲ್ಲ ಗುಂಡಿ ಒತ್ತಿ ತೋರಿಸಿದಳು. ಅಂಥ ಸಾಲೇ ಇರಲಿಲ್ಲ.

"ಅದಕ್ಕೆ ರಿಪೇರಿಯವರ ಗುಟ್ಟಿನ ಮೆನು ಬೇಕು," ಎಂದ ಪಟ್ಟಿ ಫೋನಿನಲ್ಲಿ. "ಅದನ್ನ ಮುಟ್ಟಿಸಬೇಡ."

ಅಜ್ಜಿ ಮೊಬೈಲಿನೊಳಗಿಂದ ಕೈಯಲ್ಲೇ ಕೇಳಿದಳು: "ಹಾಗಾದ್ರೆ ನನ್ನ ಗತಿ?"

ಎಡಚಿ ಎದ್ದಳು. ಕೂತಿರಲು ಆಗಲಿಲ್ಲ. ಚಾನೆಲ್ಲಿಗೆ ಬಸ್ಸಿನಲ್ಲಿ ನಿಂತೇ ಹೋದಳು, ಜಾಗ ಇದ್ದರೂ. ಎಲ್ಲರ ಮನೆಗೂ ರಿಮೋಟು ಹಿಡಿದು ಹೋಗುವುದು ಯಾವಾಗ? ಹೋದರೂ ಅಜ್ಜಿಯಂಥವರಿಗೆ? ಚಿತ್ರ ಕಳಿಸುವವರೇ ಅವಳ ಚೌಕವನ್ನು ಅಂಚಿನಿಂದ ಒಳಗಿಟ್ಟು ಕಳಿಸಿದರೆ ಯಾರೂ ಯಾವ ಗುಂಡಿಯನ್ನೂ ಒತ್ತಬೇಕಾಗಿಲ್ಲ. ಅಷ್ಟು ಸರಳ. ಅವಳ ಕಾಲುಬೆರಳುಗಳು ಚಪ್ಪಲಿಯೊಳಗೆ ತಾಳ ಹಾಕುತ್ತಿದ್ದವು.

ಕಂಟ್ರೋಲ್ ರೂಮಿನಲ್ಲಿ ಪಟ್ಟಿ ಅವಳಿಗಾಗಿ ಕಾದಿದ್ದ. "ನಿಂಗೊಂದು ತೋರಿಸ್ತೀನಿ," ಎಂದು ಗುಂಡಿ ಒತ್ತಿದ. ಮಾನಿಟರಿನ ಮೇಲೆ ಚುಕ್ಕಿ ಚುಕ್ಕಿಯ ಒಂದು ಚೌಕ ಮೂಡಿತು, ಅಂಚಿನಿಂದ ಒಳಗೆ. ಟಿವಿ ಏನೇ ಕತ್ತರಿಸಿದರೂ ಆ ಗೆರೆಯೊಳಗಿನದ್ದು ಉಳಿಯುತ್ತದೆ, ಮುಖ್ಯವಾದ್ದನ್ನೆಲ್ಲ ಅದರೊಳಗೇ ಇಡಬೇಕು. ಎಲ್ಲ ಸ್ಟುಡಿಯೊಗಳ ಹಳೆಯ ಲೆಕ್ಕ. ಗೆರೆ ಅವಳ ಚೌಕದ ನಡುವೆ, ಸರಿಯಾಗಿ ಎಡಗೈ ಓಡಾಡುವ ಜಾಗದಲ್ಲಿ ಹಾದುಹೋಗಿತ್ತು.

"ಇದು ಮೊದಲಿಂದ ಇತ್ತಾ?"

ಪಟ್ಟಿ ಕೀಬೋರ್ಡಿನ ಧೂಳು ಒರೆಸಿದ. "ಇತ್ತು. ಸಾಹೇಬ್ರು, ಆ ಗೆರೆ ಯಾಕಯ್ಯಾ ಕಣ್ಣಿಗೆ ಚುಚ್ಚುತ್ತೆ, ತೆಗಿ ಅಂದ್ರು. ತೆಗೆದೆ. ಆಮೇಲೆ ಹಾಸಿಗೆ ಕಂಪನಿ ಜಾಹೀರಾತು ಬಂತು. ನಿನ್ನ ಚೌಕದ ಎಡಕ್ಕೆ ಉದ್ದಕ್ಕೆ ನಿಂತಿದೆಯಲ್ಲ, ಅದು. ಅದಕ್ಕೆ ಜಾಗ ಮಾಡೋಕೆ ನಿನ್ನನ್ನ ಅಂಚಿಗೆ ತಳ್ಳಿದ್ವಿ. ಗೆರೆ ಇದ್ದಿದ್ರೆ ನಂಗೆ ಕಾಣ್ತಿತ್ತು."

"ಎರಡು ತಿಂಗಳ ಹಿಂದೆ."

"ಹೂಂ. ದೂರು ಶುರುವಾಗಿದ್ದೂ ಆಗಲೇ." ಅವನ ಮುಖ ಸಣ್ಣಗಾಗಿತ್ತು. "ಬಯ್ಯಮ್ಮ, ಬಯ್ದುಬಿಡು."

ಅವಳು ಬಯ್ಯಲಿಲ್ಲ. ನಿರ್ಮಾಪಕನ ಕೋಣೆಯ ಬಾಗಿಲು ತಟ್ಟಿದಳು. "ಸರ್, ಒಂದು ನಿಮಿಷ ರಿಸೆಪ್ಷನ್‌ಗೆ ಬನ್ನಿ."

ಸ್ವಾಗತದ ಮೇಜಿನ ಮೇಲ್ಗಡೆ, ಸೋಫಾಗಳ ಎದುರು, ಚಾನೆಲ್ಲಿನದೇ ಟಿವಿ ತೂಗುತ್ತಿತ್ತು. ವರ್ಷಗಟ್ಟಲೆಯಿಂದ ಅಲ್ಲಿ ತೂಗುತ್ತ, ಚಾನೆಲ್ಲಿನ ದುಂಡನ್ನು ಅಂಚಿಗೆ ಒರಗಿಸಿ ತೋರಿಸುತ್ತಿತ್ತು. ಯಾರೂ ತಲೆ ಎತ್ತಿರಲಿಲ್ಲ. ಮೇಜಿನ ಹುಡುಗಿ ಉಗುರಿಗೆ ಬಣ್ಣ ಹಚ್ಚುವುದನ್ನು ನಿಲ್ಲಿಸಿ ಮೂವರನ್ನೂ ನೋಡಿದಳು. ಪಟ್ಟಿ ನಿನ್ನೆಯ ಸುದ್ದಿಯನ್ನು ಸ್ಟುಡಿಯೊದಿಂದ ಆ ಟಿವಿಗೆ ಹರಿಸಿ ನಿಲ್ಲಿಸಿಟ್ಟಿದ್ದ. ಪೂರ್ವ ಭಾಗ. ಅಂಗೈ. ಬೆರಳಿಲ್ಲ.

ನಿರ್ಮಾಪಕ ಕನ್ನಡಕ ಏರಿಸಿದ. "ಅರೆ!"

ಅವಳು ರಿಮೋಟ್ ತೆಗೆದುಕೊಂಡಳು. ಸೆಟ್ಟಿಂಗ್ಸ್, ಪಿಕ್ಚರ್. ಇಲ್ಲಿ ಸಾಲು ಮೊದಲೇ ಬೆಳ್ಳಗಿತ್ತು. ಒತ್ತಿದಳು. ಬೆರಳುಗಳು ಬಂದವು.

"ಅರೆರೆ!" ಎಂದ ಮತ್ತೆ. ಅವಳಿಂದ ರಿಮೋಟ್ ತೆಗೆದುಕೊಂಡು ತಾನೇ ಒತ್ತಿ ನೋಡಿದ. ಬೆರಳು ಹೋದವು, ಬಂದವು, ಹೋದವು, ಬಂದವು. ಮುಖ ಅರಳಿತು. "ಭಲೇ! ಅಂದ್ರೆ ತಪ್ಪು ನಮ್ಮದಲ್ಲ, ಅವರ ಟಿವಿದು!"

ಎಡಚಿಗೆ ಬೆಟ್ಟ ಹತ್ತಿ ನೋಡಿದರೆ ಬೇರೆ ಬೆಟ್ಟದ ಮೇಲೆ ನಿಂತ ಹಾಗಾಗಿತ್ತು.

"ಸರ್, ಎಲ್ಲ ಟಿವಿಲೂ ಇದು ಇರಲ್ಲ. ಇದ್ದರೂ ಒಂದೊಂದರಲ್ಲಿ ಒಂದೊಂದು ಕಡೆ. ನನ್ನ ಚೌಕಾನ ಒಳಗೆ ಸರಿಸಿದ್ರೆ—"

"ಒಳಗೆ ಹಾಸಿಗೆಯವರಿದ್ದಾರೆ."

"ಎಡಮೂಲೆಗೆ?"

"ಅಲ್ಲಿ ಒಡವೆಯವರು. ಒಂದು ವರ್ಷ ಅವರದ್ದೇ." ಅವನು ಸೋಫಾದ ಮೇಲೆ ಕೂತು ಪಕ್ಕದ ಜಾಗವನ್ನು ತಟ್ಟಿದ. ಅವಳು ಕೂರಲಿಲ್ಲ. "ಕೇಳು, ಕೇಳು. ಒಂದು ಒಳ್ಳೇ ಯೋಚನೆ. ದಿನಾ ಸುದ್ದಿಗೆ ಮುಂಚೆ ಒಂದು ನಿಮಿಷ, ಬರೀ ನೀನು. ಮೂಲೆ ಅಲ್ಲಮ್ಮಾ, ಪರದೆ ತುಂಬ. ನಡುವೆ. ನಿಮ್ಮ ಟಿವಿಯಲ್ಲಿ ಓವರ್‌ಸ್ಕ್ಯಾನ್ ಆಫ್ ಮಾಡೋದು ಹೇಗೆ ಅಂತ ನೀನೇ ಸನ್ನೇಲಿ ಹೇಳ್ಕೊಡ್ತೀಯ. ಎಷ್ಟು ಬೇಕಾದ್ರೂ ಕೈ ಬೀಸು. ನಿನ್ನ ಹೆಸರು ಹಾಕಿಸ್ತೀನಿ. ಒಪ್ಪಂದ ಒಂದು ವರ್ಷಕ್ಕೆ, ಇವತ್ತೇ ಸಹಿ. ಆ ಹುಡುಗಿ ವಿಷಯ ಮರೆತುಬಿಡು."

ಪಟ್ಟಿ ಅವಳ ಬೆನ್ನ ಹಿಂದೆ ಉಸಿರು ಹಿಡಿದು ನಿಂತಿದ್ದ. ಪರದೆ ತುಂಬ. ನಡುವೆ. ಒಂದು ಕ್ಷಣ ಅವಳಿಗೆ ಕಾಣಿಸಿಯೇಬಿಟ್ಟಿತು: ಅಷ್ಟಗಲಕ್ಕೆ ಬಿಚ್ಚಿಕೊಂಡ ಎರಡು ಕೈ, ಅಣ್ಣನ ಅಂಗಡಿಯ ಗೋಡೆ ತುಂಬ. ಒಂದು ವರ್ಷ ನಿಶ್ಚಿಂತೆ.

"ಆ ನಿಮಿಷ ಮುಗಿದ ಮೇಲೆ, ಸುದ್ದಿ ಹೊತ್ತಿಗೆ?" ಎಂದು ಕೇಳಿದಳು.

"ಸುದ್ದಿ ಹೊತ್ತಿಗೆ ನಿನ್ನ ಜಾಗದಲ್ಲೇ. ಮೂಲೇಲಿ. ಹೇಳ್ಕೊಟ್ಟ ಮೇಲೂ ಆಫ್ ಮಾಡ್ಕೊಳ್ಳದವರದ್ದು ಅವರ ಹಣೆಬರಹ. ನಿನ್ನೆ ಹಾಗೆ ಕೈ ಸ್ವಲ್ಪ ಹಿಡಿದು ಮಾಡಿದ್ರೆ ಆಯ್ತು."

"ಡಬ್ಬಾ ಟಿವಿಯವರು?"

"ಹೊಸದು ತಗೊಳ್ಲಿ ಬಿಡು! ಈ ಕಾಲದಲ್ಲಿ ಡಬ್ಬಾ ಯಾರಮ್ಮಾ ಇಟ್ಕೊಂಡಿದ್ದಾರೆ?"

ಟಿವಿಯಲ್ಲಿ ನಿಲ್ಲಿಸಿದ ಚಿತ್ರ ಹಾಗೇ ಇತ್ತು. ಅವನು ಕೊನೆಯ ಸಲ ಒತ್ತಿದಾಗ ಬೆರಳುಗಳು ಆಚೆ ಹೋಗಿದ್ದವು. ಅದನ್ನು ಅವನು ನೋಡಿರಲಿಲ್ಲ. ಸುದ್ದಿಗೆ ಇನ್ನು ಸ್ವಲ್ಪವೇ ಹೊತ್ತು. ಅವನು ಜೇಬಿನಿಂದ ಪೆನ್ನು ತೆಗೆದು, ಟೊಪ್ಪಿ ಬಿಚ್ಚಿ, ಅವಳತ್ತ ಚಾಚಿದ. ಬಲಗೈ ಕಡೆಗೆ ಚಾಚಿದ.

"ಏನಂತೀಯ?"

"ಮಾಡಲ್ಲ," ಎಂದಳು ಎಡಚಿ.

"ಯೋಚನೆ ಮಾಡಿ ಹೇಳು."

"ಮಾಡಿದೆ. ಅಂಚಿನಲ್ಲಿ ನಿಲ್ಲಲ್ಲ."